ಕೆರೆಯ ಹೂಳೂ ಲೋಹಗಳ ಒಲವೂ

ಬೇಸಗೆಯಲ್ಲಿ ಕೆರೆ ಬತ್ತಿದಾಗ ಅದರ ಅಂಗಳದ ಗೋಡನ್ನು ಅಗೆದು ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಹೊಡೆಯುವುದು ಕನಕಪುರ, ರಾಮನಗರ, ಮಾಗಡಿ ಸೀಮೆಯ ರೈತರಿಗೆ ತಲೆಮಾರುಗಳಿಂದ ಬಂದ ಪದ್ಧತಿ. ಕೆಂಪು ಮರಳುಮಿಶ್ರಿತ ನೆಲಕ್ಕೆ ಜಿಗುಟು ಮಣ್ಣು ಸೇರಿ ತೇವ ನಿಲ್ಲುತ್ತದೆ. ಗೊಬ್ಬರದ ಅಂಶವೂ ದೊರೆಯುತ್ತದೆ. ಮಳೆಯ ನೀರು ಮಾತ್ರ ಹರಿದು ಬರುವ ಕೆರೆಯ ಮಟ್ಟಿಗೆ ಈ ಪದ್ಧತಿಯಲ್ಲಿ ಕುಂದೇನೂ ಇಲ್ಲ. ಆದರೆ ವೃಷಭಾವತಿಯ ಜಾಡಿನಲ್ಲಿರುವ ಕೆರೆಗಳ ಮಾತು ಬೇರೆ. ಬೆಂಗಳೂರಿನಲ್ಲಿ ಹುಟ್ಟಿ, ನಗರದ ಪಶ್ಚಿಮ ಭಾಗದ ಚರಂಡಿನೀರನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು, ಬಿಡದಿಯ ಬಳಿಯ ಬೈರಮಂಗಲದ ಕೆರೆಯಲ್ಲಿ ತಂಗಿ, ಮುಂದೆ ಕನಕಪುರದ ಸೀಮೆಯಲ್ಲಿ ಅರ್ಕಾವತಿಯ ಪಾಲಾಗುವ ಈ ಹೊಳೆ, ತಾನು ತಂದುದರಲ್ಲಿ ಒಂದು ಭಾಗವನ್ನು ದಾರಿಯುದ್ದಕ್ಕೂ ಕೆಸರಿನಲ್ಲಿ ಬಿಟ್ಟುಹೋಗುತ್ತದೆ. ಲೋಹಲೇಪನದ ಘಟಕಗಳಿಂದ ಬರುವ ಸತು, ತಾಮ್ರ, ಕ್ರೋಮಿಯಂ, ಕ್ಯಾಡ್ಮಿಯಂಗಳು ಅಂತಹ ಹೊರೆಗೆ ಸೇರಿದವು.

ಈ ಹೂಳಿನ ವಿಚಾರದಲ್ಲಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಕೆರೆಯ ನೀರಿನಲ್ಲಿ ಕರಗಿದ ಲೋಹ ಅತ್ಯಲ್ಪವೆಂದು ಪರೀಕ್ಷೆ ಹೇಳಿದರೆ ಹೂಳು ನಿರಪಾಯಕರವೆಂಬುದು ಒಂದು. ಹೂಳಿನಲ್ಲಿ ಲೋಹವಿದೆಯೆಂದ ಮೇಲೆ ಅದೆಲ್ಲವೂ ವಿಷವೇ ಎಂಬುದು ಇನ್ನೊಂದು. ಇವೆರಡೂ ಅರ್ಧಸತ್ಯಗಳು. ಹೂಳಿನಲ್ಲಿ ಲೋಹ ಎಷ್ಟಿದೆ ಎಂಬುದು ಒಂದು ಪ್ರಶ್ನೆ. ಅದನ್ನು ಅಲ್ಲಿ ಹಿಡಿದಿಟ್ಟವರು ಯಾರು, ಹೂಳನ್ನು ಹೊಲಕ್ಕೆ ಸಾಗಿಸಿದ ಮೇಲೆ ಆ ಹಿಡಿತ ಉಳಿಯುತ್ತದೆಯೇ ಎಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ರಸಾಯನಶಾಸ್ತ್ರದ ಒಂದು ಸರಳ ತತ್ತ್ವ ನೆರವಾಗುತ್ತದೆ.

ಎಲೆಕ್ಟ್ರಾನು ಜೋಡಿಯನ್ನು ಸ್ವೀಕರಿಸುವುದು ಆಮ್ಲ, ನೀಡುವುದು ಪ್ರತ್ಯಾಮ್ಲ ಎಂಬ ವ್ಯಾಖ್ಯೆಯನ್ನು ಲೂಯಿಸ್ 1923ರಲ್ಲಿ ಮುಂದಿಟ್ಟನು. ಈ ದೃಷ್ಟಿಯಲ್ಲಿ ಲೋಹದ ಪ್ರತಿಯೊಂದು ಅಯಾನೂ ಆಮ್ಲವೇ. ಅದನ್ನು ಸುತ್ತುವರಿದು ಬಂಧಿಸುವ ಲಿಗ್ಯಾಂಡುಗಳೆಲ್ಲ ಪ್ರತ್ಯಾಮ್ಲಗಳೇ. ಆದರೆ ಎಲ್ಲ ಲೋಹಗಳೂ ಒಂದೇ ಲಿಗ್ಯಾಂಡನ್ನು ಬಯಸುವುದಿಲ್ಲ. 1958ರಲ್ಲಿ ಆರ್ಲಾಂಡ್, ಚಾಟ್, ಡೇವಿಸ್ ಎಂಬ ಮೂವರು ಲೋಹಗಳ ಒಲವನ್ನು ಎರಡು ವರ್ಗಗಳಾಗಿ ವಿಂಗಡಿಸಿದರು. 1963ರಲ್ಲಿ ಅಮೆರಿಕದ ರಾಲ್ಫ್ ಪಿಯರ್‍ಸನ್ ಅದೇ ವಿಚಾರವನ್ನು ವಿಸ್ತರಿಸಿ ಕಠಿಣ, ಮೃದು ಎಂಬ ಹೆಸರುಗಳನ್ನು ಕೊಟ್ಟನು. ಚಿಕ್ಕದಾಗಿದ್ದು, ಹೆಚ್ಚು ವಿದ್ಯುದಂಶ ಹೊತ್ತು, ತನ್ನ ಎಲೆಕ್ಟ್ರಾನು ಮೋಡವನ್ನು ಬಿಗಿಯಾಗಿ ಹಿಡಿದ ಅಯಾನು ಕಠಿಣ. ದೊಡ್ಡದಾಗಿದ್ದು, ಹೊರಕವಚದ ಎಲೆಕ್ಟ್ರಾನುಗಳು ಸುಲಭವಾಗಿ ಒತ್ತಿ ಬಾಗುವಂತಿದ್ದರೆ ಅದು ಮೃದು. ಲಿಗ್ಯಾಂಡುಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಆಮ್ಲಜನಕದ ಮೂಲಕವೂ ಫ್ಲೂರೈಡಿನ ಮೂಲಕವೂ ಬಂಧಿಸುವವು ಕಠಿಣ, ಗಂಧಕದ ಮೂಲಕವೂ ಅಯೊಡೈಡಿನ ಮೂಲಕವೂ ಬಂಧಿಸುವವು ಮೃದು. ಕಠಿಣವು ಕಠಿಣವನ್ನೂ ಮೃದುವು ಮೃದುವನ್ನೂ ಬಯಸುತ್ತದೆ. ಪಿಯರ್‍ಸನ್ನನ ತತ್ತ್ವದ ಸಾರ ಇಷ್ಟೇ.

ಒಂದು ಹೋಲಿಕೆಯಿಂದ ಇದು ಸ್ಪಷ್ಟವಾಗುತ್ತದೆ. ಮೂರು ವಿದ್ಯುದಂಶಗಳ ಫೆರಿಕ್ ಕಬ್ಬಿಣವು ಫ್ಲೂರೈಡನ್ನು ಹಿಡಿಯುವ ಬಲ ಕ್ಲೋರೈಡನ್ನು ಹಿಡಿಯುವ ಬಲಕ್ಕಿಂತ ಹತ್ತುಸಾವಿರ ಪಟ್ಟಿಗೂ ಹೆಚ್ಚು. ಪಾದರಸದಲ್ಲಿ ಈ ಕ್ರಮ ತಿರುಗುಮುರುಗಾಗುತ್ತದೆ. ಫ್ಲೂರೈಡಿನೊಡನೆ ಅದರ ಸ್ಥಿರತಾಂಕ ಸುಮಾರು 10, ಕ್ಲೋರೈಡಿನೊಡನೆ ಸುಮಾರು 10⁷, ಅಯೊಡೈಡಿನೊಡನೆ ಸುಮಾರು 10¹³. ಫ್ಲೂರೈಡು, ಕ್ಲೋರೈಡು, ಅಯೊಡೈಡು ಮೂರೂ ಒಂದೇ ಕುಟುಂಬದವು. ಆದರೂ ಎರಡು ಲೋಹಗಳು ಅವುಗಳನ್ನು ವಿರುದ್ಧ ಕ್ರಮದಲ್ಲಿ ಮೆಚ್ಚುತ್ತವೆ.

ಪ್ರೌಢಶಾಲೆ, ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಲವಣ ವಿಶ್ಲೇಷಣೆ ಮಾಡಿಸಿದ ಅಧ್ಯಾಪಕರಿಗೆ ಈ ವಿಭಜನೆ ಹೆಸರಿಲ್ಲದೆಯೇ ಪರಿಚಿತವಾದುದು. ಆಮ್ಲೀಯ ದ್ರಾವಣದಲ್ಲಿ ಹೈಡ್ರೋಜನ್ ಸಲ್ಫೈಡ್ ಹಾಯಿಸಿದಾಗ ಪಾದರಸ, ತಾಮ್ರ, ಕ್ಯಾಡ್ಮಿಯಂಗಳು ಎರಡನೆಯ ಗುಂಪಿನಲ್ಲಿ ಇಳಿಯುತ್ತವೆ. ಅಲ್ಯೂಮಿನಿಯಂ, ಕ್ರೋಮಿಯಂ, ಫೆರಿಕ್ ಕಬ್ಬಿಣಗಳು ಗಂಧಕಕ್ಕೆ ಓಗೊಡದೆ ನಿಂತು, ಮೂರನೆಯ ಗುಂಪಿನಲ್ಲಿ ಹೈಡ್ರಾಕ್ಸೈಡುಗಳಾಗಿ ಇಳಿಯುತ್ತವೆ. ನೆಲದ ಒಡಲಿನಲ್ಲಿಯೂ ಹೀಗೆಯೇ. ಬಳ್ಳಾರಿ ಸೀಮೆಯ ಕಬ್ಬಿಣ ಆಮ್ಲಜನಕದೊಡನೆ ಹೆಮಟೈಟ್ ಆಗಿ ದೊರೆತರೆ, ಚಿತ್ರದುರ್ಗದ ಇಂಗಳದಾಳಿನ ತಾಮ್ರ ಗಂಧಕದೊಡನೆ ಸೇರಿದ ಅದಿರಾಗಿ ದೊರೆಯಿತು.

ಈಗ ಕ್ಯಾಲ್ಸಿಯಂ ಮತ್ತು ಕ್ಯಾಡ್ಮಿಯಂಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಎರಡೂ ಅಯಾನುಗಳ ವಿದ್ಯುದಂಶ ಎರಡೇ. ಆರು ನೆರೆಯವರು ಸುತ್ತುವರಿದಾಗ ಕ್ಯಾಲ್ಸಿಯಂನ ತ್ರಿಜ್ಯ 1.00 ಆಂಗ್‌ಸ್ಟ್ರಾಮ್, ಕ್ಯಾಡ್ಮಿಯಂನದು 0.95. ಗಾತ್ರ ಮತ್ತು ವಿದ್ಯುದಂಶಗಳನ್ನು ಮಾತ್ರ ಲೆಕ್ಕಿಸಿದರೆ ಇವೆರಡೂ ಹೆಚ್ಚುಕಡಮೆ ಒಂದೇ ರೀತಿ ವರ್ತಿಸಬೇಕು. ಒಂದು ಮಟ್ಟಿಗೆ ಹಾಗೆಯೇ ವರ್ತಿಸುತ್ತವೆ: ಸಸ್ಯದ ಬೇರಿನಲ್ಲಿ ಕ್ಯಾಲ್ಸಿಯಂ, ಸತು, ಕಬ್ಬಿಣಗಳಿಗಾಗಿ ಇರುವ ಬಾಗಿಲುಗಳಿಂದ ಕ್ಯಾಡ್ಮಿಯಂ ಒಳನುಸುಳುತ್ತದೆ. ಆದರೆ ಕ್ಯಾಡ್ಮಿಯಂನ ಹೊರಕವಚದಲ್ಲಿ ಹತ್ತು ಡಿ-ಎಲೆಕ್ಟ್ರಾನುಗಳು ಸುಲಭವಾಗಿ ಬಾಗುವಂತೆ ಇವೆ, ಕ್ಯಾಲ್ಸಿಯಂನಲ್ಲಿ ಅವಿಲ್ಲ. ಆದ್ದರಿಂದ ಕ್ಯಾಲ್ಸಿಯಂ ಕಠಿಣ, ಕ್ಯಾಡ್ಮಿಯಂ ಮೃದು. ಒಳಹೊಕ್ಕ ಕ್ಯಾಡ್ಮಿಯಂ ಆಮ್ಲಜನಕವನ್ನು ಬಿಟ್ಟು ಪ್ರೋಟೀನುಗಳ ಗಂಧಕವನ್ನು ಹಿಡಿಯುತ್ತದೆ. ಮನುಷ್ಯನ ದೇಹದಲ್ಲಿ ಯಕೃತ್ತು ಮತ್ತು ಮೂತ್ರಪಿಂಡಗಳ ಗಂಧಕಭರಿತ ಪ್ರೋಟೀನುಗಳಿಗೆ ಅಂಟಿಕೊಂಡು ಅದು ಹತ್ತಾರು ವರ್ಷ ಉಳಿಯುತ್ತದೆ. ಕಠಿಣ ಅಯಾನಿನ ವೇಷದಲ್ಲಿ ಬಂದು ಮೃದು ಅಯಾನಿನ ಕೆಲಸ ಮಾಡುವುದರಲ್ಲಿಯೇ ಅದರ ಅಪಾಯ ಅಡಗಿದೆ.

ಇದೇ ಮೃದು ಸ್ವಭಾವವು ಕೆರೆಯ ತಳದಲ್ಲಿ ರಕ್ಷಣೆಯಾಗುವುದೂ ಉಂಟು. ಚರಂಡಿನೀರು ತುಂಬಿದ ಕೆರೆಯ ಕೆಸರಿನಲ್ಲಿ ಕೆಲವು ಮಿಲಿಮೀಟರುಗಳ ಕೆಳಗೆ ಆಮ್ಲಜನಕ ಮುಗಿದುಹೋಗುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ನೀರಿನೊಡನೆ ಬಂದ ಸಲ್ಫೇಟನ್ನು ಸಲ್ಫೈಡಾಗಿ ಅಪಕರ್ಷಿಸುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬರುವುದು ಇದರಿಂದಲೇ. ಮಣ್ಣಿನಲ್ಲಿ ಹೇರಳವಾಗಿರುವ ಕಬ್ಬಿಣವೂ ಇದೇ ಸ್ಥಿತಿಯಲ್ಲಿ ಎರಡು ವಿದ್ಯುದಂಶಗಳ ಫೆರಸ್ ರೂಪಕ್ಕೆ ಇಳಿದು, ಆ ಸಲ್ಫೈಡಿನೊಡನೆ ಸೇರಿ ಕಪ್ಪು ಫೆರಸ್ ಸಲ್ಫೈಡಾಗುತ್ತದೆ. ಕೆಸರಿನ ಕಪ್ಪು ಬಣ್ಣ ಬಹುಮಟ್ಟಿಗೆ ಅದರದು. ಫೆರಸ್ ಕಬ್ಬಿಣವು ಕಠಿಣವೂ ಅಲ್ಲದ ಮೃದುವೂ ಅಲ್ಲದ ನಡುಗೆರೆಯ ಅಯಾನು. ಗಂಧಕದ ಮೇಲೆ ಅದರ ಹಿಡಿತ ಸಡಿಲ. ಹೆಚ್ಚು ಮೃದುವಾದ ಕ್ಯಾಡ್ಮಿಯಂ ಬಂದೊಡನೆ ಅದು ಸ್ಥಾನ ತೆರವು ಮಾಡುತ್ತದೆ:

FeS + Cd²⁺ → CdS + Fe²⁺

ಪಠ್ಯಪುಸ್ತಕಗಳು ಕೊಡುವ ವಿಲೇಯತಾ ಗುಣಲಬ್ಧ ಫೆರಸ್ ಸಲ್ಫೈಡಿಗೆ 10⁻¹⁸ರ ಆಸುಪಾಸಿನಲ್ಲಿಯೂ ಕ್ಯಾಡ್ಮಿಯಂ ಸಲ್ಫೈಡಿಗೆ 10⁻²⁷ರ ಆಸುಪಾಸಿನಲ್ಲಿಯೂ ಇದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಮೇಲಿನ ಕ್ರಿಯೆಯ ಸಮತೋಲನಾಂಕ 10⁹ರಷ್ಟಾಗುತ್ತದೆ. ಕೆಸರಿನಲ್ಲಿ ಫೆರಸ್ ಸಲ್ಫೈಡ್ ಉಳಿದಿರುವವರೆಗೆ, ಅದರ ನೀರಿನಲ್ಲಿ ನೂರು ಕೋಟಿ ಫೆರಸ್ ಅಯಾನುಗಳಿಗೆ ಒಂದು ಕ್ಯಾಡ್ಮಿಯಂ ಅಯಾನು ಮಾತ್ರ ಬಿಡುವಾಗಿರಬಲ್ಲದು ಎಂದು ಇದರ ಅರ್ಥ. ಕೆರೆಯ ನೀರಿನ ಪರೀಕ್ಷೆಯಲ್ಲಿ ಕ್ಯಾಡ್ಮಿಯಂ ಕಾಣದಿರುವುದು ಆಶ್ಚರ್ಯವಲ್ಲ. ಅದು ಇಲ್ಲವೆಂದಲ್ಲ; ಗಂಧಕದ ಹಿಡಿತದಲ್ಲಿದೆ.

ಈ ಹಿಡಿತ ಆಮ್ಲಜನಕವಿಲ್ಲದ ಕತ್ತಲೆಯಲ್ಲಿ ಮಾತ್ರ ಬಾಳುವಂಥದು. ಹೂಳನ್ನು ಅಗೆದು ಹೊಲದಲ್ಲಿ ತೆಳ್ಳಗೆ ಹರಡಿ ಬಿಸಿಲಿಗೆ ಒಡ್ಡಿದಾಗ ಗಾಳಿಯ ಆಮ್ಲಜನಕವು ಸಲ್ಫೈಡನ್ನು ಪುನಃ ಸಲ್ಫೇಟಾಗಿಸುತ್ತದೆ. ಸಲ್ಫೇಟು ಆಮ್ಲಜನಕದ ಮೂಲಕ ಬಂಧಿಸುವ ಕಠಿಣ ಪ್ರತ್ಯಾಮ್ಲ. ಮೃದುವಾದ ಕ್ಯಾಡ್ಮಿಯಂಗೆ ಅದರಲ್ಲಿ ಒಲವಿಲ್ಲ. ಕ್ಯಾಡ್ಮಿಯಂ ಸಲ್ಫೇಟ್ ನೀರಿನಲ್ಲಿ ಚೆನ್ನಾಗಿ ಕರಗುವ ಲವಣ. ಅಲ್ಲದೆ ಕಬ್ಬಿಣ ಫೆರಿಕ್ ರೂಪಕ್ಕೆ ಏರಿ ಹೈಡ್ರಾಕ್ಸೈಡಾಗುವಾಗ ಆಮ್ಲವೂ ಹುಟ್ಟುತ್ತದೆ. ಸುಣ್ಣದ ಅಂಶ ಕಡಮೆಯಿರುವ ಕೆಂಪು ಮಣ್ಣಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಅಲ್ಪ. ಲೋಹದ ಮೊತ್ತ ಒಂದು ಮಿಲಿಗ್ರಾಮೂ ಹೆಚ್ಚಲಿಲ್ಲ. ಆದರೆ ಅದನ್ನು ಹಿಡಿದಿದ್ದ ಕೈ ಸಡಿಲವಾಯಿತು.

ಲೆಕ್ಕಕ್ಕಾಗಿ ಒಂದು ಕಲ್ಪಿತ ಮಾದರಿಯನ್ನು ತೆಗೆದುಕೊಳ್ಳಬಹುದು. ಇದು ಯಾವ ಕೆರೆಯ ಅಳತೆಯೂ ಅಲ್ಲ. ಒಂದು ಕಿಲೋಗ್ರಾಂ ಒಣತೂಕದ ಹೂಳಿನಲ್ಲಿ ಸತು 262 ಮಿಲಿಗ್ರಾಂ, ತಾಮ್ರ 64, ಸೀಸ 41, ಕ್ಯಾಡ್ಮಿಯಂ 11 ಮಿಲಿಗ್ರಾಂ ಇವೆಯೆನ್ನೋಣ. ಒಂದೊಂದನ್ನೂ ಅದರ ಪರಮಾಣು ತೂಕದಿಂದ ಭಾಗಿಸಿದರೆ ಕ್ರಮವಾಗಿ 4, 1, 0.2, 0.1 ಮಿಲಿಮೋಲ್, ಒಟ್ಟು 5.3. ಅದೇ ಹೂಳಿನಲ್ಲಿ ಸಡಿಲ ಸಲ್ಫೈಡ್ 8 ಮಿಲಿಮೋಲ್ ಇದ್ದರೆ ಪ್ರತಿಯೊಂದು ಲೋಹದ ಅಯಾನಿಗೂ ಒಂದು ಗಂಧಕ ಸಿಕ್ಕಿ ಇನ್ನೂ ಮಿಗುತ್ತದೆ. ಹೂಳು ಒಣಗುತ್ತ ಸಲ್ಫೈಡ್ 3 ಮಿಲಿಮೋಲಿಗೆ ಇಳಿಯಿತೆನ್ನೋಣ. ಗಂಧಕದ ಮೇಲೆ ಹೆಚ್ಚು ಹಕ್ಕುಳ್ಳವು ತಾಮ್ರ, ಸೀಸ, ಕ್ಯಾಡ್ಮಿಯಂ; ಅವು ಮೂರೂ ಸೇರಿ 1.3 ಮಿಲಿಮೋಲನ್ನು ಉಳಿಸಿಕೊಳ್ಳುತ್ತವೆ. ಸತುವಿಗೆ ಉಳಿಯುವುದು 1.7, ಆದುದರಿಂದ ಸತುವಿನ 2.3 ಮಿಲಿಮೋಲ್ ಬಿಡುಗಡೆಯಾಗುತ್ತದೆ. ಸಲ್ಫೈಡ್ 1.3ಕ್ಕಿಂತಲೂ ಕೆಳಗಿಳಿದಾಗ ಕ್ಯಾಡ್ಮಿಯಂನ ಸರದಿ. ಮೊದಲು ಬಿಡುಗಡೆಯಾಗುವ ಸತು ಬೆಳೆಗೆ ಬೇಕಾದ ಪೋಷಕವೂ ಹೌದು. ಪೈರು ಹಸುರಾಗಿ ಕಾಣಬಹುದು. ಮೊದಲ ಬೆಳೆಯ ಸೊಗಸು ಹೂಳಿನ ನಿರ್ಮಲತೆಗೆ ಸಾಕ್ಷಿಯಾಗದು.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಜಪಾನಿನ ಜಿನ್‌ಜು ನದಿಯ ಬಯಲು ನಿದರ್ಶನವಾಗಿದೆ. ಗಣಿಯ ಕ್ಯಾಡ್ಮಿಯಂ ಸೇರಿದ ನದಿಯ ನೀರಿನಿಂದ ಬೆಳೆದ ಅಕ್ಕಿಯನ್ನು ಉಂಡು, ಅಲ್ಲಿನ ಅನೇಕರು, ಬಹುಪಾಲು ವಯಸ್ಸಾದ ಹೆಂಗಸರು, ಮೂಳೆಗಳು ಮೆದುವಾಗಿ ಮುರಿಯುವ ‘ಇತಾಯಿ-ಇತಾಯಿ’ ರೋಗಕ್ಕೆ ತುತ್ತಾದರು. 1968ರಲ್ಲಿ ಜಪಾನ್ ಸರ್ಕಾರ ಅದಕ್ಕೆ ಕ್ಯಾಡ್ಮಿಯಂ ಕಾರಣವೆಂದು ಒಪ್ಪಿತು. ಭತ್ತದ ಗದ್ದೆಯಲ್ಲಿ ನೀರು ನಿಂತಿರುವಾಗ ಕ್ಯಾಡ್ಮಿಯಂ ಸಲ್ಫೈಡಾಗಿ ಅಡಗಿರುತ್ತದೆಂದೂ, ತೆನೆ ಬಲಿಯುವ ಕಾಲದಲ್ಲಿ ನೀರು ಬಸಿದು ಗದ್ದೆ ಒಣಗಿದರೆ ಅದು ಕಾಳಿಗೆ ಏರುತ್ತದೆಂದೂ ಅಲ್ಲಿನ ಕೃಷಿ ವಿಜ್ಞಾನಿಗಳು ಕಂಡುಕೊಂಡರು. ತೆನೆಗಟ್ಟುವ ದಿನಗಳಲ್ಲಿ ನೀರು ನಿಲ್ಲಿಸುವ ಉಪಾಯ ಇದರಿಂದ ಬಂತು. ಆದರೆ ಹಾಗೆ ನೀರು ನಿಲ್ಲಿಸಿದಾಗ ಕಬ್ಬಿಣದ ಹೈಡ್ರಾಕ್ಸೈಡುಗಳು ಕರಗಿ ಅವುಗಳಿಗೆ ಅಂಟಿದ್ದ ಆರ್ಸೆನಿಕ್ ಬಿಡುಗಡೆಯಾಗುತ್ತದೆ. ಒಂದು ಲೋಹದ ಮದ್ದು ಇನ್ನೊಂದಕ್ಕೆ ಮದ್ದಾಗಬೇಕೆಂದಿಲ್ಲ.

ತತ್ತ್ವದ ಎಲ್ಲೆಗಳನ್ನೂ ಹೇಳದಿದ್ದರೆ ಪಾಠ ಅಪೂರ್ಣವಾಗುತ್ತದೆ. ಕಠಿಣ, ಮೃದು ಎಂಬುದು ಒಲವಿನ ಕ್ರಮವನ್ನು ಹೇಳುತ್ತದೆಯೇ ಹೊರತು ಬಂಧದ ಒಟ್ಟು ಬಲವನ್ನಲ್ಲ. ಇ.ಡಿ.ಟಿ.ಎ. ಎಂಬ ಲಿಗ್ಯಾಂಡ್ ಸಾರಜನಕ ಮತ್ತು ಆಮ್ಲಜನಕಗಳಿಂದ ಬಂಧಿಸುವ ಕಠಿಣ ಪಂಗಡದ್ದಾದರೂ, ಒಂದೇ ಅಯಾನನ್ನು ಆರು ಕಡೆಯಿಂದ ಹಿಡಿಯುವುದರಿಂದ, ಕ್ಯಾಲ್ಸಿಯಂಗಿಂತ ಕ್ಯಾಡ್ಮಿಯಂ ಅನ್ನು ಸುಮಾರು ಐದು ಲಕ್ಷ ಪಟ್ಟು ಬಿಗಿಯಾಗಿ ಬಂಧಿಸುತ್ತದೆ. ಕ್ರೋಮಿಯಂ ಇನ್ನೊಂದು ನಿದರ್ಶನ. ಮೂರು ವಿದ್ಯುದಂಶಗಳ ಕ್ರೋಮಿಯಂ ಕಠಿಣ. ಅದು ಹೈಡ್ರಾಕ್ಸೈಡಾಗಿ ಕುಳಿತಿರುತ್ತದೆ, ಸಲ್ಫೈಡಿನ ಏರಿಳಿತದ ಗೊಡವೆ ಅದಕ್ಕಿಲ್ಲ. ಆದರೆ ಮ್ಯಾಂಗನೀಸ್ ಆಕ್ಸೈಡುಗಳ ಸಹವಾಸದಲ್ಲಿ ಅದು ಆರು ಸಂಖ್ಯೆಯ ಸ್ಥಿತಿಗೆ ಏರಿದರೆ ಕ್ರೋಮೇಟ್ ಎಂಬ ಋಣ ಅಯಾನಾಗಿ ನೀರಿನೊಡನೆ ಹೊರಟುಬಿಡುತ್ತದೆ. ಆಗ ಲೋಹದ ಧನ ಅಯಾನಿಗಾಗಿ ಬರೆದ ಈ ನಿಯಮ ನೇರವಾಗಿ ಅನ್ವಯಿಸದು. ಆದ್ದರಿಂದ ನಿಯಮವನ್ನು ಅನ್ವಯಿಸುವ ಮೊದಲು ಲೋಹ ಯಾವ ರೂಪದಲ್ಲಿದೆಯೆಂದು ತಿಳಿಯಬೇಕು.

ಹೂಳಿನ ಸ್ಥಿತಿಯನ್ನು ಅರಿಯುವ ಮಾರ್ಗಗಳಿವೆ. ಕಪ್ಪು ಕೆಸರಿನ ಚಿಟಿಕೆಯಷ್ಟನ್ನು ಬಯಲಿನಲ್ಲಿಟ್ಟು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ ಹಾಕಿದಾಗ, ಮೇಲೆ ಹಿಡಿದ ಸೀಸದ ಅಸಿಟೇಟಿನ ಕಾಗದ ಕಪ್ಪಾದರೆ ಸಡಿಲ ಸಲ್ಫೈಡ್ ಇದೆಯೆಂದು ಅರ್ಥ. ಹೊರಡುವ ಅನಿಲ ವಿಷಕಾರಿಯಾದುದರಿಂದ ಪ್ರಮಾಣ ಅಲ್ಪವಾಗಿರಲೇಬೇಕು. ಒಣಗಿದ ಹೂಳು ಕಪ್ಪಿನಿಂದ ಕಂದುಬಣ್ಣಕ್ಕೆ ತಿರುಗಿದ್ದರೆ ಸಲ್ಫೈಡ್ ಬಹುಪಾಲು ಹೋಗಿ ಕಬ್ಬಿಣ ಹೈಡ್ರಾಕ್ಸೈಡಾಗಿದೆಯೆಂದು ತಿಳಿಯಬಹುದು. ಸುಸಜ್ಜಿತ ಪ್ರಯೋಗಶಾಲೆಯಲ್ಲಿ ಇದನ್ನೇ ಅಳತೆಗೆ ತರುತ್ತಾರೆ: ತಣ್ಣನೆಯ ಆಮ್ಲದಿಂದ ಹೊರಬರುವ ಸಲ್ಫೈಡನ್ನೂ ಅದರೊಡನೆ ಕರಗಿ ಬರುವ ಲೋಹಗಳನ್ನೂ ಮೋಲುಗಳಲ್ಲಿ ಎಣಿಸಿ ಹೋಲಿಸುತ್ತಾರೆ. ಸಲ್ಫೈಡ್ ಹೆಚ್ಚಿದ್ದರೆ ಆ ಲೋಹಗಳು ಬಂಧನದಲ್ಲಿವೆ. ಲೋಹ ಹೆಚ್ಚಿದ್ದರೆ ಒಂದು ಭಾಗ ಸ್ವತಂತ್ರವಾಗಿರಬಹುದು. ತಾಮ್ರದ ಸಲ್ಫೈಡ್ ಈ ಆಮ್ಲದಲ್ಲಿ ಪೂರ್ತಿಯಾಗಿ ಕರಗದೆಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

ಹೀಗಿರುವಲ್ಲಿ ವೃಷಭಾವತಿಯ ಜಾಡಿನ ಕೆರೆಗಳ ಹೂಳನ್ನು ಬೇರೆ ಕೆರೆಗಳ ಗೋಡಿನಂತೆಯೇ ಎಣಿಸಿ ಹೊಲಗಳಿಗೆ ಹಂಚುವುದು ಯುಕ್ತವಲ್ಲ. ಹಸಿ ಹೂಳಿನ ಪರೀಕ್ಷೆಯೊಂದನ್ನೇ ನಂಬುವುದೂ ಸಾಲದು. ಏಕೆಂದರೆ ಅದು ಕೆರೆಯೊಳಗಿನ ಸ್ಥಿತಿಯನ್ನು ಹೇಳುತ್ತದೆ, ಹೊಲದ ಸ್ಥಿತಿಯನ್ನಲ್ಲ. ಹೂಳಿನ ಒಂದು ಭಾಗವನ್ನು ಕೆಲವು ವಾರ ಗಾಳಿಗೆ ಹರವಿ, ಆ ಬಳಿಕ ನೀರಿಗೆ ಎಷ್ಟು ಕ್ಯಾಡ್ಮಿಯಂ, ಎಷ್ಟು ಸತು ಬಿಡುಗಡೆಯಾಗುತ್ತದೆಂದು ನೋಡಬೇಕು; ಒಟ್ಟು ಲೋಹದ ಮೊತ್ತವನ್ನೂ ಮಣ್ಣಿನ ಆಮ್ಲೀಯತೆಯನ್ನೂ ಜೊತೆಗೆ ಅಳೆಯಬೇಕು. ಬಿಡುಗಡೆ ಹೆಚ್ಚಾಗಿ ಕಂಡಲ್ಲಿ ಅಂತಹ ಹೂಳನ್ನು ಮೇವು, ಸೊಪ್ಪು, ತರಕಾರಿ, ಭತ್ತಗಳ ಹೊಲದಿಂದ ದೂರವಿಡುವುದೇ ಲೇಸು. ಸುಣ್ಣ ಬೆರೆಸಿದರೆ ಕ್ಯಾಡ್ಮಿಯಂನ ಚಲನೆ ಕುಗ್ಗುವುದು ನಿಜ. ಆದರೆ ಸುಣ್ಣದ ಪ್ರಭಾವ ಸವೆಯುತ್ತದೆ, ಲೋಹ ಸವೆಯುವುದಿಲ್ಲ.

ಖರ್ಚಿನ ಮಾತೂ ಏಳಬಹುದು. ಹೂಳೆತ್ತುವ ಕೆಲಸಕ್ಕೆ ತಗಲುವ ಯಂತ್ರ ಮತ್ತು ಸಾಗಾಣಿಕೆಯ ವೆಚ್ಚದ ಮುಂದೆ ಕೆಲವು ಮಾದರಿಗಳ ಪರೀಕ್ಷೆಯ ವೆಚ್ಚ ಅಲ್ಪವೇ ಆದೀತು. ಒಮ್ಮೆ ನೂರಾರು ಹೊಲಗಳಲ್ಲಿ ಹರಡಿದ ಕ್ಯಾಡ್ಮಿಯಂ ಅನ್ನು ಮರಳಿ ಒಂದುಗೂಡಿಸುವುದಂತೂ ಯಾವ ಖರ್ಚಿನಿಂದಲೂ ಸುಲಭಸಾಧ್ಯವಲ್ಲ. ಕೆರೆಯ ಆಳದಲ್ಲಿ ಕದಡದೆ ಬಿಟ್ಟ ಕಪ್ಪು ಕೆಸರು ಕೆಲವೊಮ್ಮೆ ಹೊಲಕ್ಕೆ ಬಂದ ಕಂದು ಮಣ್ಣಿಗಿಂತ ಕ್ಷೇಮವಾದುದು.

ಶಾಲೆಗಳಲ್ಲಿ ಎರಡನೆಯ ಗುಂಪು, ಮೂರನೆಯ ಗುಂಪು ಎಂದು ಬಾಯಿಪಾಠ ಮಾಡಿಸುವ ಅಧ್ಯಾಪಕರು ಅರ್ಕಾವತಿಯ ದಂಡೆಯ ಹುಡುಗರ ಮುಂದೆ ಈ ಹೂಳಿನ ಪ್ರಶ್ನೆಯನ್ನು ಇಡಬೇಕು. ಕ್ಯಾಡ್ಮಿಯಂ ಗಂಧಕದೊಡನೆ ಇಳಿಯುತ್ತದೆ ಎಂಬ ಉತ್ತರಕ್ಕೆ ಪರೀಕ್ಷೆಯಲ್ಲಿ ಅಂಕ ದೊರೆಯುತ್ತದೆ. ಆ ಗಂಧಕ ಗಾಳಿಗೆ ಸಿಕ್ಕಿದರೆ ಏನಾದೀತೆಂದು ಕೇಳುವ ಹುಡುಗ, ತನ್ನ ಮನೆಯವರು ಹೂಳಿನ ಗಾಡಿಯನ್ನು ಹೊಲಕ್ಕೆ ತಿರುಗಿಸುವ ಮುನ್ನ ಅದು ಯಾವ ಕೆರೆಯದೆಂದೂ ವಿಚಾರಿಸುತ್ತಾನೆ.